ಮಡಿಕೆ, ಅಂಚು, ಅಡ್ಡಸಾಲು: ಹಳೆಯ ಪತ್ರಗಳ ವಾಚನಕ್ರಮ

ಮಠಗಳಲ್ಲಿಯೂ ವಿದ್ವಾಂಸರ ಮನೆಗಳಲ್ಲಿಯೂ ಉಳಿದು ಬಂದಿರುವ ಇನ್‌ಲ್ಯಾಂಡ್ ಪತ್ರಗಳು ಮತ್ತು ಕಾರ್ಡುಗಳು ವಚನಪಾಠಗಳ ವಿಚಾರದಲ್ಲಿ ಆಕರಗಳಾಗಬಲ್ಲವು. ಆದರೆ ಬರೆದ ಕ್ರಮದಲ್ಲಿಯೇ ಅವನ್ನು ಓದದಿದ್ದರೆ, ಬರೆದವರು ಹಿಂತೆಗೆದುಕೊಂಡ ಮಾತೇ ಅವರ ಅಭಿಪ್ರಾಯವೆನಿಸುವ ಅಪಾಯವುಂಟು.

ಇನ್‌ಲ್ಯಾಂಡ್ ಪತ್ರದೊಳಗೆ ಬೇರೆ ಕಾಗದವನ್ನು ಇಡುವಂತಿಲ್ಲ. ಆದುದರಿಂದ ಒಳಮೈ ತುಂಬಿದ ಮೇಲೂ ಹೇಳಬೇಕಾದುದು ಉಳಿದರೆ, ಬರವಣಿಗೆ ಸಾಮಾನ್ಯವಾಗಿ ವಿಳಾಸವಿಲ್ಲದ ಹೊರಪಾಲಿಗೆ ಹೋಗುತ್ತದೆ; ಬಳಿಕ ಎಡ ಅಂಚಿಗೆ, ಅನಂತರ ತಲೆಯ ಮೇಲಣ ಬಿಡುವಿಗೆ. ಎಲ್ಲವೂ ತುಂಬಿದಾಗ ಹಾಳೆಯನ್ನು ತಿರುಗಿಸಿ ಮೊದಲ ಸಾಲುಗಳ ಮೇಲೆಯೇ ಅಡ್ಡವಾಗಿ ಬರೆಯುವರು. ಕಾರ್ಡಿನಲ್ಲಾದರೋ ಹಿಂಬದಿಯ ನಂತರ ವಿಳಾಸದ ಎಡಭಾಗ, ಆಮೇಲೆ ಅಂಚುಗಳು.

ಒಂದು ಪತ್ರವನ್ನು ಕಲ್ಪಿಸಿಕೊಳ್ಳಬಹುದು. ತಾಳೆಗರಿಯ ಕಟ್ಟೊಂದನ್ನು ನೋಡಿದ ಅಧ್ಯಾಪಕರೊಬ್ಬರು, ಒಂದು ವಚನವು ಅಲ್ಲಿ 'ಗುಹೇಶ್ವರ' ಅಂಕಿತದಿಂದ ಮುಗಿಯುತ್ತದೆಂದು ಒಳಮೈಯಲ್ಲಿ ಬರೆದು ಸಹಿ ಮಾಡಿದ್ದಾರೆ. ಸಹಿಯ ಕೆಳಗೊಂದು ಗುಣಿಸು ಗುರುತು ಇದೆ. ಅದೇ ಗುರುತು ಎಡ ಅಂಚಿನಲ್ಲಿಯೂ ಇದ್ದು, ಅಲ್ಲಿ ಗರಿಗಳನ್ನು ಮತ್ತೊಮ್ಮೆ ಎಣಿಸಿದುದಾಗಿ ಆರಂಭವಾದ ವಾಕ್ಯವು ನಡುವೆಯೇ ನಿಲ್ಲುತ್ತದೆ. ಅದರ ಉಳಿದ ಭಾಗ ಅಡ್ಡಸಾಲಿನಲ್ಲಿದೆ: ಎರಡು ಗರಿಗಳು ಹಿಂದುಮುಂದಾಗಿದ್ದವು, ಆ ವಚನದ ಅಂಕಿತ 'ಕೂಡಲಚೆನ್ನಸಂಗಮದೇವ' ಎಂದು. ಅಡ್ಡಸಾಲನ್ನು ಬಿಟ್ಟು ಓದಿದವನು ಚೆನ್ನಬಸವಣ್ಣನ ವಚನವನ್ನು ಅಲ್ಲಮಪ್ರಭುವಿನದೆಂದು ನಕಲು ಮಾಡುವನು. ಗರಿ ತಪ್ಪಿದುದರಿಂದ ಆದ ದೋಷವು ಪತ್ರದ ಸಾಲು ತಪ್ಪಿದುದರಿಂದ ಮತ್ತೊಮ್ಮೆ ಆಗುವುದು.

ಅಡ್ಡಸಾಲುಗಳನ್ನು ಓದಲು ಪತ್ರವನ್ನು ಕಾಲು ಸುತ್ತು ತಿರುಗಿಸಿ, ದಪ್ಪ ಕಾಗದದಲ್ಲಿ ಒಂದು ಸಾಲಿನಷ್ಟು ಅಗಲದ ಸೀಳನ್ನು ಕೊಯ್ದು ಮೇಲಿಡಬೇಕು. ಆಗ ಕಣ್ಣು ಒಂದೇ ದಿಕ್ಕಿನ ಅಕ್ಷರಗಳನ್ನು ಹಿಡಿಯುತ್ತದೆ. ಭಾಗಗಳ ಕ್ರಮಸಂಖ್ಯೆಯನ್ನು ಪತ್ರದ ಮೇಲಲ್ಲ, ಬೇರೆ ಹಾಳೆಯಲ್ಲಿ ಗುರುತಿಸಬೇಕು. ಅಂಟಿನ ಪಟ್ಟಿಯಡಿಯಲ್ಲಿ ಅಕ್ಷರಗಳು ಅಡಗಿರಬಹುದಾದುದರಿಂದ ಅದನ್ನು ಕಿತ್ತೆಳೆಯಬಾರದು.

ಕ್ರಮವನ್ನು ನಿರ್ಣಯಿಸಲು ಮೊದಲ ಆಧಾರ ವಾಕ್ಯದ ಮುಂದುವರಿಕೆ. ಎರಡನೆಯದು ಬರಹದ ಗಾತ್ರ, ಏಕೆಂದರೆ ಜಾಗ ಕಡಿಮೆಯಾದಂತೆ ಅಕ್ಷರಗಳು ಕಿರಿದಾಗುತ್ತವೆ. ಮಡಿಕೆಯ ಗೆರೆಯಲ್ಲಿ ಶಾಯಿ ಹರಡಿದ್ದರೆ, ಮಡಿಸಿ ಬಿಚ್ಚಿದ ಮೇಲೆ ಅದನ್ನು ಬರೆದಿರುವ ಸಂಭವ ಹೆಚ್ಚು. ಆದರೆ ಇನ್‌ಲ್ಯಾಂಡಿನಲ್ಲಿ ಮಡಿಕೆಯ ಗುರುತು ಮೊದಲೇ ಇರುವುದರಿಂದ ಇದೊಂದನ್ನೇ ನಂಬಲಾಗದು. ಒಂದೇ ಲೇಖನಿಯ ಎರಡು ಗೆರೆಗಳು ಕೂಡುವಲ್ಲಿ ಯಾವುದು ಮೇಲಿನದೆಂಬುದೂ ಅನೇಕ ವೇಳೆ ಬರಿಗಣ್ಣಿಗೆ ತಿಳಿಯದು. ಅರ್ಥವೂ ಗುರುತೂ ಕೂಡಿಬಾರದಿದ್ದಲ್ಲಿ ನಕಲಿನಲ್ಲಿ 'ಕ್ರಮ ಸಂದಿಗ್ಧ' ಎಂದು ಬರೆದಿಡುವುದೇ ಪ್ರಾಮಾಣಿಕವಾದ ಮಾರ್ಗ.