ರಾಜೀನಾಮೆ ಮೊದಲೋ, ಪಿಎಂಪಿ ಮೊದಲೋ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದ ಗೆಳತಿಯೊಬ್ಬಳು ಹೋದ ವರ್ಷ ಈ ಪ್ರಶ್ನೆ ಹೊತ್ತು ಬಂದಳು. ಕೈಯಲ್ಲಿ ಹೊಸ ಆಫರ್ ಇತ್ತು, ನೋಟಿಸ್ ಅವಧಿ 90 ದಿನ. ಈಗಿನ ಕಂಪನಿ ಪಿಎಂಪಿ ಪರೀಕ್ಷೆಯ ಶುಲ್ಕ ಕೊಡುತ್ತಿತ್ತು, ಹೊಸದು ಕೊಡುವ ಭರವಸೆ ಇರಲಿಲ್ಲ. ಅವಳ ಲೆಕ್ಕವೆಲ್ಲ ದುಡ್ಡಿನದೇ ಆಗಿತ್ತು. ನನಗೆ ಚಿಂತೆಯಾದದ್ದು ಸಹಿಯ ಬಗ್ಗೆ.

ಪಿಎಂಪಿ ಎಂದರೆ ಬರೀ ಪರೀಕ್ಷೆಯಲ್ಲ. ನಾಲ್ಕು ವರ್ಷದ ಪದವಿ ಇದ್ದವರು 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವವನ್ನೂ 35 ಗಂಟೆಯ ತರಬೇತಿಯನ್ನೂ ಅರ್ಜಿಯಲ್ಲಿ ತೋರಿಸಬೇಕು. ಪರೀಕ್ಷೆ ನಡೆಸುವ ಪಿಎಂಐ ಸಂಸ್ಥೆ ಕೆಲವು ಅರ್ಜಿಗಳನ್ನು ಆರಿಸಿ ಆಡಿಟ್ ಮಾಡುತ್ತದೆ. ಅರ್ಜಿ ಆಡಿಟ್‌ಗೆ ಸಿಕ್ಕಿದರೆ ಒಂದೊಂದು ಪ್ರಾಜೆಕ್ಟ್‌ಗೂ ಆಗ ಮೇಲಿದ್ದವರೋ ಅದನ್ನು ಬಲ್ಲವರೋ ಸಹಿ ಹಾಕಿಕೊಡಬೇಕು. ದಾಖಲೆ ಕಳಿಸಲು 90 ದಿನ. ಕಂಪನಿಯಲ್ಲಿರುವಾಗ ಎದುರಿನ ಟೇಬಲ್ಲಿಗೆ ಹೋಗಿ, "ಸರ್, ಇದನ್ನೊಮ್ಮೆ ನೋಡಿ ಸಹಿ ಹಾಕಿಕೊಡ್ತೀರಾ?" ಎಂದರೆ ಮುಗಿಯಿತು. ಬಿಟ್ಟು ಆರು ತಿಂಗಳಾದ ಮೇಲೆ ಅದೇ ಸರ್ ಬೇರೆ ಊರಿನಲ್ಲಿರುತ್ತಾರೆ, ಪ್ರಾಜೆಕ್ಟಿನ ತಾರೀಖು ಅವರಿಗೂ ಮರೆತಿರುತ್ತದೆ.

ಹಾಗಾಗಿ ಇಲ್ಲಿ ತೀರ್ಮಾನ ಒಂದಲ್ಲ, ಎರಡು. ಅರ್ಜಿ ಒಂದು, ಪರೀಕ್ಷೆ ಇನ್ನೊಂದು. ಅರ್ಜಿ ಒಪ್ಪಿಗೆಯಾದ ಮೇಲೆ ಪರೀಕ್ಷೆಗೆ ಒಂದು ವರ್ಷ ಸಮಯವಿದೆ, ಅಷ್ಟರಲ್ಲಿ ಮೂರು ಸಲ ಬರೆಯಬಹುದು. ಗೆಳತಿ ರಾಜೀನಾಮೆ ಕೊಡುವ ಮೊದಲೇ ಅರ್ಜಿ ಹಾಕಿದಳು. ಶುಲ್ಕ ಕಟ್ಟಿದ ಮೇಲಷ್ಟೇ ಆಡಿಟ್ ಇದೆಯೋ ಇಲ್ಲವೋ ತಿಳಿಯುವುದರಿಂದ ಅದನ್ನೂ ಕಟ್ಟಿಬಿಟ್ಟಳು. ಖಾತೆಗೆ ಆಫೀಸಿನ ಇಮೇಲ್ ಬದಲು ಸ್ವಂತದ್ದನ್ನು ಕೊಟ್ಟಳು. ಕೊನೆಯ ದಿನ ಆಫೀಸಿನ ಇಮೇಲ್ ಮುಚ್ಚಿದರೆ ಪಿಎಂಐ ಕಳಿಸುವ ಪತ್ರಗಳೆಲ್ಲ ಅದರೊಳಗೇ ಉಳಿಯುತ್ತವೆ.

ಇನ್ನು ದುಡ್ಡು. ಎಷ್ಟೋ ಕಂಪನಿಗಳು ಪಾಸಾದ ಮೇಲೆ ರಸೀದಿ ನೋಡಿ ಹಣ ಕೊಡುತ್ತವೆ. ರಾಜೀನಾಮೆ ಸಲ್ಲಿಸಿದವರಿಗೆ ಕೊಡುವುದಿಲ್ಲ ಎಂಬ ನಿಯಮವೂ, ಇಂತಿಷ್ಟು ತಿಂಗಳೊಳಗೆ ಬಿಟ್ಟರೆ ಕೊಟ್ಟದ್ದನ್ನು ಫೈನಲ್ ಸೆಟಲ್‌ಮೆಂಟಿನಲ್ಲಿ ಹಿಡಿದುಕೊಳ್ಳುವ ಕರಾರೂ ಇರಬಹುದು. ಗೆಳತಿಯ ಕಂಪನಿಯಲ್ಲಿ ಆ ಕರಾರು ಒಂದು ವರ್ಷದ್ದು. ಹಣ ಪಡೆದಿದ್ದರೂ ವಾಪಸ್ ಹೋಗುತ್ತಿತ್ತು. ಅಂದಮೇಲೆ ಯಾರು ಕೊಡುತ್ತಾರೆ ಎಂದು ಕಾಯುವುದರಲ್ಲಿ ಅವಳಿಗೆ ಲಾಭವೇ ಇರಲಿಲ್ಲ. ಕಂಪನಿಯೇ ದುಬಾರಿ ಕೋರ್ಸ್ ಕೊಡಿಸುವುದಾದರೆ ಮಾತು ಬೇರೆ. ವಾಪಸ್ ಕೊಡಬೇಕಾಗುವ ಮೊತ್ತ ಆಗ ದೊಡ್ಡದಾಗುತ್ತದೆ, ಸಹಿ ಹಾಕುವ ಮೊದಲು ಕರಾರನ್ನು ಪೂರ್ತಿ ಓದಬೇಕು.

ಹೊಸ ಕೆಲಸ ಪೂರಾ ತಾಂತ್ರಿಕವಾಗಿದ್ದು ಅಲ್ಲಿ ಪಿಎಂಪಿಯನ್ನು ಯಾರೂ ಕೇಳದಿದ್ದರೆ ಶುಲ್ಕ ಕಟ್ಟುವುದು ಬೇಡ. ಪ್ರಾಜೆಕ್ಟಿನ ತಾರೀಖು, ನಿಮ್ಮ ಪಾತ್ರ, ಸಹಿ ಹಾಕಬಲ್ಲವರ ಸ್ವಂತ ಫೋನ್ ನಂಬರ್ ಇಷ್ಟನ್ನು ಬರೆದಿಟ್ಟುಕೊಂಡು ಹೊರಡಿ.

ಗೆಳತಿಯ ಅರ್ಜಿ ಆಡಿಟ್‌ಗೆ ಬಿತ್ತು. ಮೂರು ಸಹಿಗಳನ್ನೂ ನೋಟಿಸ್ ಅವಧಿಯಲ್ಲೇ ಪಡೆದಳು. ಪರೀಕ್ಷೆ ಬರೆದದ್ದು ಹೊಸ ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳಲ್ಲಿ.