ಹೋದ ಪ್ಯಾಕೆಟ್ ಮರಳಿ ಬರಬೇಕಾದರೆ



ಒಂದು ಕಾಲೇಜಿನ ಜಾಲವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕಾಗದದ ಮೇಲೆ ನಕ್ಷೆ ಬರೆದುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ. ನಡುವೆ ಒಂದು ಲೇಯರ್ ಮೂರು ಸ್ವಿಚ್ ಇದೆ. ಪ್ರಯೋಗಾಲಯದ ಗಣಕಗಳು 192.168.10.0 ಜಾಲದಲ್ಲಿಯೂ, ಕಚೇರಿಯ ಗಣಕಗಳು 192.168.20.0 ಜಾಲದಲ್ಲಿಯೂ ಇವೆ. ಎರಡೂ ನೇರವಾಗಿ ಈ ಸ್ವಿಚ್ಚಿಗೇ ಸೇರಿವೆ. ರಸ್ತೆಯಾಚೆಗಿನ ವಿದ್ಯಾರ್ಥಿನಿಲಯದ ಜಾಲ 192.168.40.0, ಅದು ತನ್ನದೇ ರೂಟರಿನ (10.0.1.2) ಹಿಂದೆ ಇದೆ. ಇನ್ನೊಂದು ಬದಿಯಲ್ಲಿ ಸ್ವಿಚ್ಚಿನ 10.0.0.1 ವಿಳಾಸವೂ ಫೈರ್‌ವಾಲಿನ 10.0.0.2 ವಿಳಾಸವೂ ಒಂದೇ ತಂತಿಯಲ್ಲಿ ಎದುರುಬದುರಾಗಿವೆ. ಫೈರ್‌ವಾಲಿನ ಆಚೆಗೆ ಇಂಟರ್ನೆಟ್.

ಸಾಮಾನ್ಯ ಸ್ವಿಚ್ ಒಂದು ಜಾಲದೊಳಗೆ ಮಾತ್ರ ಪ್ಯಾಕೆಟ್ ಹಂಚುತ್ತದೆ. ಲೇಯರ್ ಮೂರು ಸ್ವಿಚ್ ಐಪಿ ವಿಳಾಸವನ್ನೂ ಓದಿ, ಒಂದು ಜಾಲದಿಂದ ಮತ್ತೊಂದು ಜಾಲಕ್ಕೆ ದಾಟಿಸುತ್ತದೆ. ನೇರವಾಗಿ ಸೇರಿರುವ ಜಾಲಗಳು ಅದಕ್ಕೆ ತಾವಾಗಿಯೇ ಗೊತ್ತಿರುತ್ತವೆ. ಉಳಿದವುಗಳ ದಾರಿಯನ್ನು ನಾವು ಹೇಳಿಕೊಡಬೇಕು. ಸಿಸ್ಕೊ ಸ್ವಿಚ್ಚಿನಲ್ಲಿ ಅದು ಹೀಗಿರುತ್ತದೆ:

```
ip routing
ip route 192.168.40.0 255.255.255.0 10.0.1.2
ip route 0.0.0.0 0.0.0.0 10.0.0.2
```

ಮೊದಲ ಸಾಲು ಮಾರ್ಗ ಹುಡುಕುವ ಕೆಲಸವನ್ನು ಚಾಲೂ ಮಾಡುತ್ತದೆ. ಎರಡನೆಯದು ಸ್ಟ್ಯಾಟಿಕ್ ರೂಟ್: ವಿದ್ಯಾರ್ಥಿನಿಲಯಕ್ಕೆ ಹೋಗುವುದನ್ನು 10.0.1.2ಕ್ಕೆ ಕೊಡು ಎಂದರ್ಥ. ಮೂರನೆಯದು ಡಿಫಾಲ್ಟ್ ರೂಟ್: ಬೇರೆ ಯಾವ ಸಾಲೂ ಹೊಂದದಿದ್ದರೆ ಫೈರ್‌ವಾಲಿಗೆ ಕೊಡು. ಸಾಲುಗಳನ್ನು ಬರೆದ ಕ್ರಮಕ್ಕೆ ಇಲ್ಲಿ ಬೆಲೆಯಿಲ್ಲ. ವಿಳಾಸದ ಹೆಚ್ಚು ಬಿಟ್‌ಗಳು ಯಾವ ಸಾಲಿಗೆ ಹೊಂದುತ್ತವೆಯೋ ಆ ಸಾಲೇ ಗೆಲ್ಲುತ್ತದೆ. 192.168.40.7ಕ್ಕೆ ಎರಡನೆಯ ಸಾಲಿನ 24 ಬಿಟ್‌ಗಳೂ ಹೊಂದುತ್ತವೆ. ಡಿಫಾಲ್ಟ್ ಸಾಲು ನೋಡುವುದು ಸೊನ್ನೆ ಬಿಟ್. ಆದ್ದರಿಂದ ಪ್ಯಾಕೆಟ್ ವಿದ್ಯಾರ್ಥಿನಿಲಯಕ್ಕೇ ಹೋಗುತ್ತದೆ.

ಇಷ್ಟು ಬರೆದ ಮೇಲೂ ಪ್ರಯೋಗಾಲಯದಲ್ಲಿ ಇಂಟರ್ನೆಟ್ ಬಾರದಿರುವುದುಂಟು. ಆದರೆ ಸ್ವಿಚ್ಚಿನಿಂದಲೇ ಫೈರ್‌ವಾಲಿಗೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ! ಇದು ಹೇಗೆ?

ಪ್ರಯೋಗಾಲಯದ 192.168.10.25 ಗಣಕದ ಪ್ಯಾಕೆಟ್ಟನ್ನು ಹಿಂಬಾಲಿಸೋಣ. ಡಿಫಾಲ್ಟ್ ರೂಟ್ ಹಿಡಿದು ಅದು ಫೈರ್‌ವಾಲಿಗೆ ತಲುಪಿತು. ಉತ್ತರವನ್ನು 192.168.10.25ಕ್ಕೆ ಕಳುಹಿಸಬೇಕು. ಫೈರ್‌ವಾಲಿಗೆ ಒಳಬದಿಯಲ್ಲಿ ಗೊತ್ತಿರುವುದು ಎದುರಿನ ತಂತಿಯ ಜಾಲ ಮಾತ್ರ. ಸ್ವಿಚ್ಚಿನ ಹಿಂದೆ ಏನಿದೆ ಎಂಬುದನ್ನು ಯಾರೂ ಅದಕ್ಕೆ ತಿಳಿಸಿಲ್ಲ. ಹಾಗಾಗಿ ಅದು ತನ್ನ ಡಿಫಾಲ್ಟ್ ರೂಟ್ ನೋಡಿ ಉತ್ತರವನ್ನು ಇಂಟರ್ನೆಟ್ಟಿನ ಕಡೆಗೆ ಎಸೆಯುತ್ತದೆ. 192.168 ವಿಳಾಸಗಳು ಖಾಸಗಿ ವಿಳಾಸಗಳಾದ್ದರಿಂದ ಅಲ್ಲಿ ಅದಕ್ಕೆ ದಾರಿಯಿಲ್ಲ. ಕೆಲವು ಫೈರ್‌ವಾಲ್‌ಗಳು ಇನ್ನೂ ಕಟ್ಟುನಿಟ್ಟು: ಈ ವಿಳಾಸ ಒಳಬಾಗಿಲಿನಿಂದ ಬರತಕ್ಕದ್ದಲ್ಲ ಎಂದು ಮೊದಲ ಪ್ಯಾಕೆಟ್ಟನ್ನೇ ತಳ್ಳಿಬಿಡುತ್ತವೆ. ಸ್ವಿಚ್ ಪಿಂಗ್ ಮಾಡಿದಾಗ ಕಳುಹಿಸಿದವರ ವಿಳಾಸ 10.0.0.1 ಆಗಿತ್ತು. ಅದು ಫೈರ್‌ವಾಲಿನ ಎದುರುಮನೆ, ಉತ್ತರ ಬಂತು.

ದೋಷ ಇದೇ ಎಂದು ತಿಳಿಯಲು ಸ್ವಿಚ್ಚಿನಲ್ಲಿ ಎರಡು ಪಿಂಗ್ ಸಾಕು:

```
ping 10.0.0.2
ping 10.0.0.2 source 192.168.10.1
```

ಎರಡನೆಯದರಲ್ಲಿ ಸ್ವಿಚ್ ಪ್ರಯೋಗಾಲಯದ ಕಡೆಯ ತನ್ನ ವಿಳಾಸದಿಂದ ಕೇಳುತ್ತದೆ. ಮೊದಲನೆಯದು ಸಫಲವಾಗಿ ಎರಡನೆಯದು ವಿಫಲವಾದರೆ ಮೊದಲು ಅನುಮಾನಿಸಬೇಕಾದದ್ದು ಮರಳುವ ದಾರಿಯನ್ನು. ಪರಿಹಾರ ಫೈರ್‌ವಾಲಿನಲ್ಲಿದೆ. 192.168.10.0, 20.0, 40.0 ಈ ಮೂರು ಜಾಲಗಳಿಗೂ ಸ್ಟ್ಯಾಟಿಕ್ ರೂಟ್ ಬರೆದು, ಮುಂದಿನ ಮೆಟ್ಟಿಲು 10.0.0.1 ಎಂದು ಕೊಡಬೇಕು. ಪಿಂಗ್ ಸರಿಯಾದ ಮೇಲೂ ಇಂಟರ್ನೆಟ್ ಬಾರದಿದ್ದರೆ, ವಿಳಾಸ ಬದಲಿಸುವ ನ್ಯಾಟ್ ನಿಯಮದಲ್ಲಿ ಆ ಜಾಲ ಸೇರಿದೆಯೇ, ಅದಕ್ಕೆ ಹೊರಹೋಗಲು ಅನುಮತಿ ಇದೆಯೇ ಎಂದು ನೋಡಬೇಕು.

ಮೂರು ಸಾಲುಗಳ ಬದಲು 192.168.0.0 255.255.0.0 ಎಂಬ ಒಂದೇ ಸಾಲು ಸಾಲದೇ ಎಂದು ನೀವು ಕೇಳಬಹುದು. ಸಾಕು, ಆದರೆ ಅದರಲ್ಲೊಂದು ತೊಡಕಿದೆ. ಇಲ್ಲದ ವಿಳಾಸವಾದ 192.168.99.5ಕ್ಕೆ ಯಾರೋ ಪ್ಯಾಕೆಟ್ ಕಳುಹಿಸಿದರೆಂದುಕೊಳ್ಳಿ. ಸ್ವಿಚ್ ಡಿಫಾಲ್ಟ್ ರೂಟ್ ನೋಡಿ ಫೈರ್‌ವಾಲಿಗೆ ಕೊಡುತ್ತದೆ. ಫೈರ್‌ವಾಲ್ ಆ ದೊಡ್ಡ ಸಾಲನ್ನು ನೋಡಿ ಸ್ವಿಚ್ಚಿಗೇ ಹಿಂತಿರುಗಿಸುತ್ತದೆ. ಬಂದ ಬಾಗಿಲಿನಿಂದಲೇ ಕಳುಹಿಸಲು ಫೈರ್‌ವಾಲ್ ನಿರಾಕರಿಸದಿದ್ದರೆ, ಪ್ಯಾಕೆಟ್ಟಿನ ಆಯುಸ್ಸಿನ ಎಣಿಕೆ ಮುಗಿಯುವವರೆಗೂ ಈ ಚೆಂಡಾಟ ನಡೆಯುತ್ತದೆ. ಇದನ್ನು ತಡೆಯಲು ಸ್ವಿಚ್ಚಿನಲ್ಲಿ ಒಂದು ಸಾಲು ಸೇರಿಸುತ್ತಾರೆ:

```
ip route 192.168.0.0 255.255.0.0 Null0
```

`Null0` ಎಂದರೆ ಕಸದ ಬುಟ್ಟಿ. ಈ ಸಾಲು ಸೇರಿದ ಮೇಲೂ ಪ್ರಯೋಗಾಲಯ, ಕಚೇರಿ, ವಿದ್ಯಾರ್ಥಿನಿಲಯಗಳ ಪ್ಯಾಕೆಟ್‌ಗಳು ಬುಟ್ಟಿಗೆ ಬೀಳದೆ ಸರಿಯಾದ ಜಾಗಕ್ಕೇ ಹೋಗುತ್ತವೆ. ಏಕೆ? ಮೇಲೆ ಹೇಳಿದ ಬಿಟ್‌ಗಳ ನಿಯಮವನ್ನು ಅನ್ವಯಿಸಿ ನೀವೇ ಉತ್ತರ ಬರೆದು ನೋಡಿ.