ವದಂತಿಗೆ ಖಾಸಗಿ ಸಂದೇಶದಲ್ಲಿ ಉತ್ತರ

ಸಹೋದ್ಯೋಗಿಗಳ ನಡುವೆ ಹಬ್ಬಿದ ವದಂತಿಗೆ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಉತ್ತರಿಸಿದರೆ, ಅದನ್ನು ಕೇಳದೇ ಇದ್ದವರಿಗೂ ಸುದ್ದಿ ಮುಟ್ಟುತ್ತದೆ. ಮಾತನ್ನು ದಾಟಿಸುತ್ತಿರುವವರು ಯಾರೆಂದು ಗೊತ್ತಿದ್ದರೆ, ಅವರೊಬ್ಬರಿಗೇ ಬರೆಯುವುದು ಒಳ್ಳೆಯದು.

ಉದಾಹರಣೆಗೆ, ಉದ್ಯೋಗಿಯೊಬ್ಬರು ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋಗುತ್ತಾರೆ. ‘ಇಂಟರ್‌ವ್ಯೂಗೆ ಹೋಗಿದ್ದರಂತೆ, ಕೆಲಸ ಬಿಡುತ್ತಾರಂತೆ’ ಎಂಬ ಮಾತು ಸಂಜೆಯೊಳಗೆ ಹರಡುತ್ತದೆ. ಸಿಟ್ಟು ಇಳಿದ ಮೇಲೆ, ಮರುದಿನ ಬೆಳಿಗ್ಗೆ, ಅವರು ಹೀಗೆ ಬರೆಯಬಹುದು:

“ನಮಸ್ಕಾರ ಸರ್. ನಾನು ಕೆಲಸ ಬಿಡ್ತಿದ್ದೀನಿ ಅನ್ನೋ ಮಾತು ನನ್ನ ಕಿವಿಗೂ ಬಿತ್ತು. ಅದು ನಿಜ ಅಲ್ಲ, ನಿನ್ನೆ ಬ್ಯಾಂಕ್ ಕೆಲಸಕ್ಕೆ ರಜೆ ಹಾಕಿದ್ದೆ. ಯಾರಾದರೂ ಕೇಳಿದರೆ ದಯವಿಟ್ಟು ಹೀಗೇ ಹೇಳಿ. ಏನಾದರೂ ಅನುಮಾನ ಇದ್ದರೆ ನನ್ನನ್ನೇ ಕೇಳಿ.”

ಇದರಲ್ಲಿ ಕಿವಿಗೆ ಬಿದ್ದ ಮಾತು, ನಿಜ ಸಂಗತಿ, ಒಂದು ವಿನಂತಿ, ಮಾತಿಗೆ ಅವಕಾಶ ಎಲ್ಲವೂ ಇವೆ. ‘ನೀವೇ ಹಬ್ಬಿಸಿದ್ದು’ ಎಂಬ ಆರೋಪವಿಲ್ಲ. ಆರೋಪ ಬಂದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ, ತಿದ್ದುಪಡಿ ಹಿಂದೆ ಬೀಳುತ್ತದೆ. ವಿಷಯ ತಿಳಿಸಿದವರ ಹೆಸರೂ ಇಲ್ಲ; ಹೆಸರು ಹೇಳಿದರೆ ಇನ್ನೊಂದು ಜಗಳ ಶುರುವಾಗುತ್ತದೆ. ರಜೆಯ ಕಾರಣ ಖಾಸಗಿಯಾಗಿದ್ದರೆ ‘ಸ್ವಂತ ಕೆಲಸ’ ಎಂದರೆ ಸಾಕು.

ಖಾಸಗಿ ಸಂದೇಶವೂ ಸ್ಕ್ರೀನ್‌ಶಾಟ್ ಆಗಬಹುದು. ಆದ್ದರಿಂದ ಮ್ಯಾನೇಜರ್ ಓದಿದರೂ ತೊಂದರೆಯಾಗದ ಮಾತುಗಳನ್ನಷ್ಟೇ ಬರೆಯಬೇಕು.

ಉತ್ತರ ಬಾರದಿದ್ದರೆ ಮತ್ತೆ ಮತ್ತೆ ಕೇಳುವ ಅಗತ್ಯವಿಲ್ಲ. ಅದೇ ಮಾತು ಮುಂದುವರಿದರೆ, ಅಥವಾ ವದಂತಿ ಹಣದ ಅವ್ಯವಹಾರ, ನಡತೆಯಂಥ ಗಂಭೀರ ವಿಷಯದ್ದಾದರೆ, ಖಾಸಗಿ ಸಂದೇಶ ಸಾಲದು. ಆಗ ದಿನಾಂಕ ಸಮೇತ ವಿವರ ಬರೆದಿಟ್ಟು, ಮ್ಯಾನೇಜರ್ ಅಥವಾ ಎಚ್‌ಆರ್‌ಗೆ ಲಿಖಿತವಾಗಿ ತಿಳಿಸಬೇಕು.